ತಿಂಗಳಿಗೆ 680 ರೂಪಾಯಿ ಎಲ್ಲಿಗೆ ಹೋಗುತ್ತಿತ್ತು: ಟಿವಿ ಬಿಲ್ ಬಿಡಿಸಿ ನೋಡಿದ ನನ್ನ ಅನುಭವ

2023ರ ಏಪ್ರಿಲ್ ಕೊನೆಯಲ್ಲಿ ರಜೆಗೆಂದು ತಿಪಟೂರಿನ ತವರು ಮನೆಗೆ ಹೋಗಿದ್ದೆ. ಎರಡು ದಿನ ಟಿವಿ ಬಂದಿರಲಿಲ್ಲ. ರೀಚಾರ್ಜ್ ಮುಗಿದಿತ್ತು. ಅಪ್ಪ 680 ರೂಪಾಯಿ ತೆಗೆದು ನನ್ನ ಕೈಗಿಟ್ಟು, "ಇಬ್ಬರು ನೋಡುವುದಕ್ಕೆ ಇಷ್ಟು ಬೇಕೇನಮ್ಮಾ?" ಎಂದು ಕೇಳಿದರು. ನಿವೃತ್ತಿ ವೇತನದಲ್ಲಿ ನಡೆಯುವ ಮನೆ ಅದು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕೆಂದು ಕಾಗದ, ಪೆನ್ನು ಹಿಡಿದು ಕುಳಿತೆ.

ಮನೆಯಲ್ಲಿ ಎರಡು ಟಿವಿ, ಎರಡು ಸೆಟ್‌ಟಾಪ್ ಬಾಕ್ಸ್. ಒಂದು ನಡುಮನೆಯಲ್ಲಿ, ಇನ್ನೊಂದು ಒಳಕೋಣೆಯಲ್ಲಿ. ಎರಡಕ್ಕೂ ಒಂದೇ ಪ್ಯಾಕ್. ಡಿಟಿಎಚ್ ಕಂಪನಿಯವರು ಫೋನಿನಲ್ಲಿ ಹೇಳಿದ್ದು "ಪ್ಯಾಕ್ 176 ರೂಪಾಯಿ" ಎಂದು. ಹಾಗಾದರೆ ಎರಡು ಬಾಕ್ಸಿಗೆ 352 ಆಗಬೇಕಿತ್ತಲ್ಲ? ಅದು 680 ಆದದ್ದು ಹೇಗೆ ಎಂಬುದೇ ಈ ಲೆಕ್ಕದ ತಿರುಳು.

ಪ್ಯಾಕಿನ ಬೆಲೆ ಎಂದು ಹೇಳುವುದು ಚಾನೆಲ್‌ಗಳ ಬೆಲೆ ಮಾತ್ರ. ಅದಕ್ಕಿಂತ ಮೊದಲು ನೆಟ್‌ವರ್ಕ್ ಸಾಮರ್ಥ್ಯ ಶುಲ್ಕ ಎಂಬುದೊಂದಿದೆ. ಒಂದೂ ಪಾವತಿ ಚಾನೆಲ್ ತೆಗೆದುಕೊಳ್ಳದಿದ್ದರೂ ಇದನ್ನು ಕೊಡಬೇಕು, ಚಾನೆಲ್‌ಗಳನ್ನು ನಮ್ಮ ಮನೆಯವರೆಗೆ ತಲುಪಿಸುವುದಕ್ಕೆ ಕೊಡುವ ಬಾಡಿಗೆ ಇದು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಬಂದಾಗ ಮೊದಲ 100 ಚಾನೆಲ್‌ಗಳಿಗೆ ಹೆಚ್ಚೆಂದರೆ 130 ರೂಪಾಯಿ ಎಂದು ಇದ್ದದ್ದು, 2020ರಲ್ಲಿ ತಿದ್ದುಪಡಿಯಾಗಿ 200 ಚಾನೆಲ್‌ಗಳವರೆಗೆ 130, ಅದನ್ನು ಮೀರಿದರೆ ಎಷ್ಟೇ ಇದ್ದರೂ 160 ಎಂದಾಯಿತು. ದೂರದರ್ಶನದ ಕಡ್ಡಾಯ ಚಾನೆಲ್‌ಗಳು ಈ 200ರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಶುಲ್ಕ ಮತ್ತು ಚಾನೆಲ್ ಬೆಲೆ ಎರಡನ್ನೂ ಕೂಡಿಸಿದ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ.

ನಮ್ಮ ನಡುಮನೆಯ ಬಾಕ್ಸಿಗೆ 130ರ ಬದಲು 160 ಹಾಕಿದ್ದರು. ಪಟ್ಟಿಯಲ್ಲಿ ಎಣಿಸಿದರೆ ಸಿಕ್ಕಿದ್ದು 180 ಚಾನೆಲ್. ಇನ್ನೂರು ದಾಟಿಲ್ಲವಲ್ಲ ಎಂದು ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯಿದ್ದ ಹುಡುಗಿ ತಾಳ್ಮೆಯಿಂದಲೇ ಹೇಳಿದಳು: "ಮೇಡಂ, ಎಚ್‌ಡಿ ಒಂದಿದ್ದರೆ ಎರಡು ಎಂದು ಎಣಿಸುತ್ತೇವೆ." ಅದು ಆಗಿನ ನಿಯಮವೇ. ಒಂದು ಎಚ್‌ಡಿ ಚಾನೆಲ್ ಎರಡು ಸಾಮಾನ್ಯ ಚಾನೆಲ್‌ಗೆ ಸಮ. ಮತ್ತೆ ಎಣಿಸಿದೆ. 180ರಲ್ಲಿ ಎಚ್‌ಡಿ 27. ಉಳಿದ 153ಕ್ಕೆ 54 ಕೂಡಿಸಿದರೆ 207. ಆ ಹೆಚ್ಚುವರಿ ಏಳಕ್ಕಾಗಿ ತಿಂಗಳಿಗೆ 30 ರೂಪಾಯಿ, ತೆರಿಗೆ ಸೇರಿ 35 ರೂಪಾಯಿ 40 ಪೈಸೆ ಹೋಗುತ್ತಿತ್ತು. ಆ 27ರಲ್ಲಿ ಅಮ್ಮ ನೋಡುತ್ತಿದ್ದ ಎಚ್‌ಡಿ ಚಾನೆಲ್ ಒಂದೂ ಇರಲಿಲ್ಲ. ಒಳಕೋಣೆಯ ಟಿವಿ ಹಳೆಯದು, ಅದರಲ್ಲಿ ಎಚ್‌ಡಿ ಬಂದರೂ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯ ಬಾಕ್ಸಿನ ವಿಷಯ ಇನ್ನೂ ಮುಖ್ಯ. ಒಂದೇ ಮನೆಯಲ್ಲಿ, ಒಬ್ಬರದೇ ಹೆಸರಿನಲ್ಲಿ ಎರಡನೆಯ ಟಿವಿ ಇದ್ದರೆ ಅದರ ನೆಟ್‌ವರ್ಕ್ ಶುಲ್ಕ ಮೊದಲನೆಯದರ ಶೇ 40ಕ್ಕಿಂತ ಹೆಚ್ಚಿರಬಾರದೆಂದು ಆಗ ನಿಯಮವಿತ್ತು. ನಮಗೆ 64 ಹಾಕಿದ್ದರು, ಸರಿಯಾಗಿಯೇ ಇತ್ತು. ಆದರೆ ರಿಯಾಯಿತಿ ಶುಲ್ಕಕ್ಕೆ ಮಾತ್ರ, ಚಾನೆಲ್ ಬೆಲೆಗೆ ಇಲ್ಲ. 176 ರೂಪಾಯಿಯ ಪ್ಯಾಕನ್ನು ಎರಡು ಸಲ ಕೊಳ್ಳುತ್ತಿದ್ದೆವು. ಮೊದಲ ಬಾಕ್ಸಿಗೆ 160 ಮತ್ತು 176 ಸೇರಿ 336, ತೆರಿಗೆಯೊಂದಿಗೆ 396.48. ಎರಡನೆಯದಕ್ಕೆ 64 ಮತ್ತು 176 ಸೇರಿ 240, ತೆರಿಗೆಯೊಂದಿಗೆ 283.20. ಒಟ್ಟು 679.68. ಅಪ್ಪನ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಸಿಕ್ಕಿತು.

ಉಳಿದರ್ಧಕ್ಕೆ ಒಂದು ವಾರ ಹಿಡಿಯಿತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯನ್ನು ಟಿವಿ ಪಕ್ಕದ ಮೊಳೆಗೆ ಸಿಕ್ಕಿಸಿದೆ. ಯಾವ ಚಾನೆಲ್ ನೋಡಿದರೂ ಅಮ್ಮ ಅಲ್ಲಿ ಬರೆಯಬೇಕು. ಅವರು ಧಾರಾವಾಹಿಯ ಹೆಸರನ್ನೇ ಬರೆಯುತ್ತಿದ್ದರು, ನಾನು ಪಕ್ಕದಲ್ಲಿ ಚಾನೆಲ್ ಸೇರಿಸುತ್ತಿದ್ದೆ. ವಾರ ಕಳೆದಾಗ ಹಾಳೆಯಲ್ಲಿ ಇದ್ದದ್ದು ಹನ್ನೊಂದು ಚಾನೆಲ್. ಧಾರಾವಾಹಿಯ ಮೂರು ಕನ್ನಡ ಚಾನೆಲ್, ಮಧ್ಯಾಹ್ನಕ್ಕೆ ಕನ್ನಡ ಸಿನಿಮಾದ್ದೊಂದು, ನನ್ನ ಮಗನ ಕಾರ್ಟೂನ್ ಒಂದು. ಉಳಿದ ಆರು ಅಪ್ಪನ ಸುದ್ದಿ, ಭಕ್ತಿ ಚಾನೆಲ್‌ಗಳು ಮತ್ತು ಚಂದನ. ಆ ಆರೂ ಉಚಿತ ಚಾನೆಲ್‌ಗಳೇ. ಕನ್ನಡದ ಸುದ್ದಿ ಚಾನೆಲ್‌ಗಳಲ್ಲಿ ಬಹುಪಾಲು ಉಚಿತ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ರಿಮೋಟಿನ ಗೈಡ್ ಗುಂಡಿ ಒತ್ತಿದರೆ ಚಾನೆಲ್ಲಿನ ಜೊತೆಗೆ ಬೆಲೆಯೂ ಕಾಣುತ್ತದೆ. ಅಲ್ಲಿ ಸೊನ್ನೆ ಇದ್ದರೆ ಉಚಿತ.

ಈಗ ಬಿಡಿ ಚಾನೆಲ್ ಕೊಳ್ಳಬೇಕೋ, ಬೊಕೆ ಕೊಳ್ಳಬೇಕೋ ಎಂಬ ಪ್ರಶ್ನೆ. ಬೊಕೆ ಎಂದರೆ ಒಂದು ಪ್ರಸಾರ ಸಂಸ್ಥೆ ತನ್ನ ಪಾವತಿ ಚಾನೆಲ್‌ಗಳನ್ನು ಒಟ್ಟು ಕಟ್ಟಿ ಮಾರುವುದು. 2023ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮದಂತೆ 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಬೊಕೆಗೆ ಸೇರಿಸುವಂತಿಲ್ಲ. ಬೊಕೆಯ ಮೇಲೆ ಪ್ರಸಾರ ಸಂಸ್ಥೆ ಕೊಡುವ ರಿಯಾಯಿತಿ ಬಿಡಿ ಬೆಲೆಗಳ ಮೊತ್ತದ ಶೇ 45 ಮೀರುವಂತಿಲ್ಲ. ಈ ಎರಡನೆಯ ಮಾತನ್ನು ಹಿಡಿದುಕೊಂಡರೆ ದಾರಿ ಸುಲಭ. ಬೊಕೆಯ ಬೆಲೆ ಅದರೊಳಗಿನ ಚಾನೆಲ್‌ಗಳ ಬಿಡಿ ಬೆಲೆಯ ಮೊತ್ತದಲ್ಲಿ ಕನಿಷ್ಠ ಶೇ 55 ಇದ್ದೇ ಇರುತ್ತದೆ. ಅಂದರೆ ನಮಗೆ ನಿಜವಾಗಿ ಬೇಕಾದ ಚಾನೆಲ್‌ಗಳ ಬಿಡಿ ಬೆಲೆ ಆ ಮೊತ್ತದ ಅರ್ಧವನ್ನೂ ಮುಟ್ಟದಿದ್ದರೆ ಬೊಕೆಯತ್ತ ನೋಡುವುದೇ ಬೇಡ.

ಅಮ್ಮನ ಮೂರು ಧಾರಾವಾಹಿ ಚಾನೆಲ್‌ಗಳು ಮೂರು ಬೇರೆ ಬೇರೆ ಸಂಸ್ಥೆಗಳವು, ಒಂದೊಂದಕ್ಕೂ 19 ರೂಪಾಯಿ. ಅವುಗಳಲ್ಲಿ ಎರಡು ಸಂಸ್ಥೆಗಳಿಂದ ನಮಗೆ ಬೇಕಾದದ್ದು ಒಂದೊಂದೇ ಚಾನೆಲ್. ಆ ಬೊಕೆಗಳ ಬೆಲೆ 40ರ ಆಸುಪಾಸಿನಲ್ಲಿತ್ತು. ಹಾಗಾಗಿ ಅವೆರಡನ್ನೂ ಬಿಡಿಯಾಗಿಯೇ ತೆಗೆದುಕೊಂಡೆ. ಮೂರನೆಯ ಸಂಸ್ಥೆಯದು ಬೇರೆ ಲೆಕ್ಕ. ಸಿನಿಮಾ ಚಾನೆಲ್ಲೂ ಕಾರ್ಟೂನ್ ಚಾನೆಲ್ಲೂ ಅವರದೇ. ಎಂಟು ಚಾನೆಲ್‌ಗಳ ಅವರ ಕನ್ನಡ ಬೊಕೆ 36 ರೂಪಾಯಿ, ಬಿಡಿಯಾಗಿ ಕೂಡಿಸಿದರೆ 64. ನಮಗೆ ಬೇಕಾದ ಮೂರರ ಬೆಲೆ 19, 15 ಮತ್ತು 6, ಒಟ್ಟು 40. ಇಲ್ಲಿ ಬೊಕೆಯೇ ಅಗ್ಗ. ಕಾರ್ಟೂನ್ ಬೇಡವೆಂದರೆ ಮೊತ್ತ 34ಕ್ಕೆ ಇಳಿದು ಬಿಡಿಯೇ ಅಗ್ಗವಾಗುತ್ತಿತ್ತು. ಜೂನಿನಲ್ಲಿ ನಾವು ಬೆಂಗಳೂರಿಗೆ ಮರಳಿದ ಮೇಲೂ ಬೊಕೆಯನ್ನು ಹಾಗೆಯೇ ಬಿಟ್ಟೆ. ಎರಡು ರೂಪಾಯಿಗಾಗಿ ಅಮ್ಮನ ಪಟ್ಟಿಯನ್ನು ಮತ್ತೆ ಕಲಕುವುದು ಬೇಡವೆನಿಸಿತು.

ಅಲ್ಲಿಗೆ ಪಾವತಿ ಚಾನೆಲ್‌ಗಳು 74 ರೂಪಾಯಿ. ಉಚಿತ ಚಾನೆಲ್‌ಗಳನ್ನು ಧಾರಾಳವಾಗಿ ಎಪ್ಪತ್ತರಷ್ಟು ಆರಿಸಿದೆ. ಇಲ್ಲಿ ಜಿಪುಣತನ ಮಾಡಿ ಪ್ರಯೋಜನವಿಲ್ಲ. ನಮ್ಮ ಒಟ್ಟು ಎಣಿಕೆ 80, ಅದು 190 ಆಗಿದ್ದರೂ ಶುಲ್ಕ ಅದೇ 130. ಹಣ ಉಳಿಯುವುದು 200ರ ಗೆರೆಯ ಈಚೆಗಿದ್ದರೆ ಮಾತ್ರ. 130 ಮತ್ತು 74 ಸೇರಿ 204, ತೆರಿಗೆಯೊಂದಿಗೆ 240.72.

ಒಳಕೋಣೆಯ ಬಾಕ್ಸಿಗೆ ಅಮ್ಮನ ಎರಡು ಚಾನೆಲ್ ಹಾಕಿಸಬೇಕೆಂದಿದ್ದೆ. ಸಂಜೆ ಅಪ್ಪ ನಡುಮನೆಯಲ್ಲಿ ಸುದ್ದಿ ನೋಡುವಾಗ ಅಮ್ಮ ಒಳಗೆ ಹೋಗಿ ಧಾರಾವಾಹಿ ನೋಡುತ್ತಿದ್ದರು. 52 ರೂಪಾಯಿ ಶುಲ್ಕದ ಮೇಲೆ 38 ಸೇರಿ, ತೆರಿಗೆಯೊಂದಿಗೆ 106.20. ಬರೆದುಕೊಳ್ಳುತ್ತಿದ್ದಾಗಲೇ ಹೊಳೆಯಿತು: ದುಡ್ಡು ಕೊಟ್ಟು ನೋಡುವವರು ಒಳಗೆ, ಉಚಿತ ನೋಡುವವರು ಹೊರಗೆ! ಇದನ್ನು ತಿರುವಿದರೆ ಎರಡನೆಯ ಬಾಕ್ಸಿಗೆ ಪಾವತಿ ಚಾನೆಲ್ಲೇ ಬೇಡ, 52 ಮತ್ತು ತೆರಿಗೆ ಸೇರಿ 61.36 ಸಾಕು. ಅಪ್ಪನಿಗೆ ಹೇಳಲು ಹಿಂಜರಿದೆ, ಅವರ ಆರಾಮ ಕುರ್ಚಿ ನಡುಮನೆಯಲ್ಲಿದೆ. "ಕುರ್ಚಿ ಎತ್ತಿ ಒಳಗಿಟ್ಟರಾಯಿತಲ್ಲ" ಎಂದು ಅವರೇ ಎದ್ದರು. ಅಮ್ಮ ಆ ಸಂಜೆ ನಡುಮನೆಯಲ್ಲಿ ಕಾಲು ಚಾಚಿ ಕುಳಿತು ಧಾರಾವಾಹಿ ನೋಡಿದ್ದನ್ನು ಕಂಡು ನನಗೆ ಲೆಕ್ಕಕ್ಕಿಂತ ಹೆಚ್ಚು ಸಂತೋಷವಾಯಿತು. ಒಟ್ಟು ಬಿಲ್ 302 ರೂಪಾಯಿ 8 ಪೈಸೆಗೆ ಇಳಿಯಿತು.

ಬದಲಾವಣೆ ಮಾಡಿಸುವಾಗ ಎರಡು ತೊಡಕು ಎದುರಾದವು. ಹಳೆಯ ಪ್ಯಾಕ್ ತೆಗೆಸಿದ ಕೂಡಲೇ ಸುದ್ದಿ ಚಾನೆಲ್‌ಗಳೂ ಹೋದವು. ಉಚಿತ ಚಾನೆಲ್‌ಗಳು ಆ ಪ್ಯಾಕಿನ ಮೂಲಕವೇ ಬರುತ್ತಿದ್ದುದರಿಂದ ಅವನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕಿತ್ತು. ಬೆಲೆ ಇಲ್ಲವೆಂದ ಮಾತ್ರಕ್ಕೆ ತಾವಾಗಿ ಬರುವುದಿಲ್ಲ. ದೂರದರ್ಶನದ ಕಡ್ಡಾಯ ಚಾನೆಲ್‌ಗಳು ಮಾತ್ರ ಉಳಿದಿದ್ದವು. ಆದ್ದರಿಂದ ಹೊಸ ಪಟ್ಟಿಯನ್ನು ಪೂರ್ತಿ ಸಿದ್ಧ ಮಾಡಿಕೊಂಡು, ಒಂದೇ ಸಲಕ್ಕೆ ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸುವುದು ಒಳ್ಳೆಯದು.

ಇನ್ನೊಂದು ತೊಡಕು ತಿಂಗಳ ಕೊನೆಗೆ ಗೊತ್ತಾಯಿತು. ಬಿಲ್ 302ರ ಬದಲು 324.50 ಬಂತು. ಹೆಚ್ಚಾದದ್ದು 22.42, ಅಂದರೆ 19 ಮತ್ತು ಅದರ ತೆರಿಗೆ. ವ್ಯತ್ಯಾಸ 22.42 ಎಂದು ಕಂಡರೆ 19 ರೂಪಾಯಿಯ ಚಾನೆಲೊಂದು ಎಲ್ಲೋ ಹೆಚ್ಚಾಗಿ ಕುಳಿತಿದೆ ಎಂದೇ ತಿಳಿಯಬಹುದು. ಆ್ಯಪಿನಲ್ಲಿ ನೋಡಿದರೆ, ಮೂರನೆಯ ಸಂಸ್ಥೆಯ ಧಾರಾವಾಹಿ ಚಾನೆಲ್ ಬೊಕೆಯಲ್ಲೂ ಇತ್ತು, ಬಿಡಿ ಪಟ್ಟಿಯಲ್ಲೂ ಇತ್ತು. ಮೊದಲು ಬಿಡಿಯಾಗಿ ಸೇರಿಸಿ, ಆಮೇಲೆ ಮನಸ್ಸು ಬದಲಿಸಿ ಬೊಕೆ ಹಾಕಿಸಿದ್ದೆ. ಬಿಡಿಯದನ್ನು ಯಾರೂ ತೆಗೆದಿರಲಿಲ್ಲ. ತೆಗೆಸಿದೆ.

ಪಕ್ಕದ ಮನೆಯವರಿಗೆ ಕೇಬಲ್ ಸಂಪರ್ಕವಿದೆ. ನನ್ನ ಹಾಳೆ ನೋಡಿ ಅವರೂ ತಮ್ಮ ಕೇಬಲ್‌ನವರನ್ನು ಕೇಳಿದರು. ಬಿಡಿ ಚಾನೆಲ್ ಕೊಡುವ ಪದ್ಧತಿಯೇ ಇಲ್ಲ, ಇರುವುದು ಎರಡು ಪ್ಯಾಕ್ ಮಾತ್ರ ಎಂಬ ಉತ್ತರ ಬಂತು. ಅದು ಸರಿಯಲ್ಲ. ಡಿಟಿಎಚ್ ಆಗಲಿ ಕೇಬಲ್ ಆಗಲಿ, ಪ್ರತಿ ಚಾನೆಲನ್ನೂ ಬಿಡಿಯಾಗಿ ಕೊಡಬೇಕೆಂಬುದು ನಿಯಮ. ಅವರಿಗೆ ಪಟ್ಟಿಯನ್ನು ಕಾಗದದಲ್ಲಿ ಬರೆದು, ಚಾನೆಲ್ಲಿನ ಮುಂದೆ ಬೆಲೆ ಹಾಕಿ ಕೊಟ್ಟೆ. ಮೂರನೆಯ ಸಲ ಕೇಳಿದಾಗ ಕೇಬಲ್‌ನವರು ಆ ಕಾಗದವನ್ನು ತೆಗೆದುಕೊಂಡು ಹೋಗಿ ಚಾನೆಲ್‌ಗಳನ್ನು ಹಾಕಿಕೊಟ್ಟರು.

2024ರ ಜುಲೈನಲ್ಲಿ ಟ್ರಾಯ್ 130 ಮತ್ತು 160ರ ಮಿತಿಯನ್ನು ತೆಗೆದುಹಾಕಿತು. ನೆಟ್‌ವರ್ಕ್ ಶುಲ್ಕವನ್ನು ಆಯಾ ಕಂಪನಿಯೇ ನಿಗದಿ ಮಾಡಬಹುದು, ಚಾನೆಲ್‌ಗಳ ಸಂಖ್ಯೆಗೆ, ಪ್ರದೇಶಕ್ಕೆ, ಗ್ರಾಹಕರ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ ಇಡಬಹುದು. ಹಾಗಾಗಿ ಇಂದು ಯಾರಾದರೂ ಈ ಲೆಕ್ಕಕ್ಕೆ ಕೂತರೆ ನನ್ನ 130ನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಮೊದಲು ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ: ನಮ್ಮ ಊರಿಗೆ ನೆಟ್‌ವರ್ಕ್ ಶುಲ್ಕ ಎಷ್ಟು, ಎಷ್ಟು ಚಾನೆಲ್ ದಾಟಿದರೆ ಅದು ಏರುತ್ತದೆ, ಎರಡನೆಯ ಬಾಕ್ಸಿಗೆ ಎಷ್ಟು. ಇವು ತಿಳಿಯದೆ ಬೊಕೆಯ ಬೆಲೆ ಹೋಲಿಸುತ್ತ ಕುಳಿತರೆ ಲೆಕ್ಕ ಅರ್ಧದಲ್ಲೇ ನಿಲ್ಲುತ್ತದೆ. ಕೊನೆಗೆ ಹೇಳುವ ಮೊತ್ತ ತೆರಿಗೆ ಸೇರಿದ್ದೋ ಸೇರದ್ದೋ ಎಂದೂ ಕೇಳಿಬಿಡಿ.

ಕ್ರಿಕೆಟ್ ಇದ್ದಾಗ ನನ್ನ ತಮ್ಮ ಊರಿಗೆ ಬಂದರೆ ಕನ್ನಡದ ಕ್ರೀಡಾ ಚಾನೆಲೊಂದನ್ನು ಬಿಡಿಯಾಗಿ ಹಾಕಿಸುತ್ತಾನೆ. ಅದನ್ನು ಹಾಕಿಸಿದ ದಿನಾಂಕವನ್ನು ಅಪ್ಪ ಈಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಪಂದ್ಯಗಳು ಮುಗಿದ ಮರುದಿನ ತಾವೇ ಫೋನ್ ಮಾಡಿ ತೆಗೆಸುತ್ತಾರೆ.