ಇಳಕಲ್ ನೇಯ್ಗೆ ಶೆಡ್ಡಿನ ಮಾಡೆಲ್: ಜ್ಯೂರಿ ಮುಂದೆ ಶೀಟ್ ಜೋಡಿಸುವ ಕ್ರಮ

ಜ್ಯೂರಿಯವರು ಮೊದಲು ನೋಡುವುದು ಮಾಡೆಲ್. ಹೀಗಾಗಿ ಶೀಟುಗಳನ್ನು ನಾನು ಮಾಡೆಲ್ಲಿನಿಂದಲೇ ಹೊಂದಿಸುತ್ತ ಹೋಗುತ್ತೇನೆ. ಇಳಕಲ್‌ನ ನೇಕಾರರಿಗಾಗಿ 18 ಮೀಟರ್ ಉದ್ದ, 7 ಮೀಟರ್ ಅಗಲದ ಗುಂಡಿಮಗ್ಗದ ಶೆಡ್ ಎಂದುಕೊಳ್ಳಿ. ಕಾನ್ಸೆಪ್ಟ್ ಒಂದೇ ವಾಕ್ಯ: ಸೀರೆಯ ಮೇಲೆ ಬಿಸಿಲು ಬೀಳಬಾರದು, ಬೆಳಕು ಮಾತ್ರ ಬೀಳಬೇಕು. ಅದಕ್ಕೇ ಕಿಟಕಿಗಳನ್ನು ಉತ್ತರಕ್ಕೆ ಇಟ್ಟಿದ್ದೇನೆ. ಕಾನ್ಸೆಪ್ಟಿನ ಆ ವಾಕ್ಯಕ್ಕೆ ಸಾಕ್ಷಿ ಹೇಳದ ಚಿತ್ರ ಎಷ್ಟೇ ಚೆಂದ ಇದ್ದರೂ ಬದಿಗೆ ಹೋಗಬೇಕು.

1:50 ಸ್ಕೇಲಿನಲ್ಲಿ ಶೆಡ್ 36 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ ಆಗುತ್ತದೆ. ಛಾವಣಿಯನ್ನು ಅಂಟಿಸದೆ ಎತ್ತುವಂತೆ ಇಡುತ್ತೇನೆ. ಮಾಡೆಲ್ಲಿನ ನೇರ ಹಿಂದೆ, ಕಣ್ಣಿನ ಮಟ್ಟಕ್ಕೆ, ಅಡ್ಡ ಸೆಕ್ಷನ್ ಇರಬೇಕು. ಅದೂ 1:50ರಲ್ಲೇ ಇದ್ದರೆ ನೋಡುವವರು ಎರಡನ್ನೂ ಮನಸ್ಸಿನಲ್ಲೇ ತಾಳೆ ಹಾಕುತ್ತಾರೆ. ಎಡಕ್ಕೆ ಸೈಟ್ ಮತ್ತು ಸೂರ್ಯನ ದಾರಿ, ಬಲಕ್ಕೆ ಪ್ಲಾನ್. ಪ್ಲಾನಿನಲ್ಲಿ ಉತ್ತರ ಮೇಲಿದ್ದು ಮೇಜಿನ ಮೇಲಿನ ಮಾಡೆಲ್ ತಿರುಗಿದ್ದರೆ ಮೊದಲ ಎರಡು ನಿಮಿಷ ದಿಕ್ಕು ಹೇಳುವುದರಲ್ಲೇ ಕಳೆಯುತ್ತದೆ.

ಹೆಚ್ಚು ಎಡವುವುದು ಸೆಕ್ಷನ್ನಿನಲ್ಲಿ. ನೇಕಾರ ಕಾಲನ್ನು ಗುಂಡಿಯೊಳಗೆ ಬಿಟ್ಟು ನೆಲದ ಮಟ್ಟದಲ್ಲಿ ಕೂತಿರುತ್ತಾನೆ. ಅಲ್ಲಿ ನಿಂತ ಮನುಷ್ಯನನ್ನು ಬರೆದು, ಕಿಟಕಿಯ ತಳವನ್ನು ರೂಢಿಯಂತೆ 90 ಸೆಂ.ಮೀ. ಎತ್ತರಕ್ಕೆ ಇಟ್ಟರೆ, ಗೋಡೆಗೆ ಹತ್ತಿದ ಮಗ್ಗ ಗೋಡೆಯ ಮಬ್ಬಿನಲ್ಲೇ ಉಳಿಯುತ್ತದೆ. ಕೂತ ನೇಕಾರನನ್ನು, ಗುಂಡಿಯನ್ನು, ಹಾಸನ್ನು ಬರೆದ ಮೇಲೆಯೇ ತಳದ ಎತ್ತರ ನಿರ್ಧರಿಸಬೇಕು. ನಾನು 45 ಸೆಂ.ಮೀ. ಇಡುತ್ತೇನೆ.

"ಉತ್ತರದ ಕಿಟಕಿ ಸರಿ, ಜೂನ್‌ದಾಗ ಏನ್ ಮಾಡ್ತೀಯಪ್ಪಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದ್ದೇ. ಇಳಕಲ್ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ನಡುಹಗಲು ಸೂರ್ಯ ನೆತ್ತಿಯಿಂದ ಏಳೂವರೆ ಡಿಗ್ರಿ ಉತ್ತರಕ್ಕೆ ಇರುತ್ತಾನೆ. ಒಂದೂವರೆ ಮೀಟರ್ ಎತ್ತರದ ಕಿಟಕಿಗೆ ಆಗ 20 ಸೆಂ.ಮೀ. ಸಜ್ಜಾ ಸಾಕು. ಆದರೆ ಬೆಳಿಗ್ಗೆ ಅವನು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟಿ ಓರೆಯಾಗಿ ಒಳಗೆ ಬರುತ್ತಾನೆ, ಸಂಜೆ ಪಶ್ಚಿಮದಿಂದ ಹಾಗೆಯೇ. ಸಜ್ಜಾ ಅದನ್ನು ತಡೆಯದು. ಒಂದೊಂದು ಮೀಟರಿಗೆ 45 ಸೆಂ.ಮೀ. ಹೊರಚಾಚಿದ ನಿಲುವು ಫಿನ್ ಬೇಕು. ಈ ಲೆಕ್ಕದ ಚಿಕ್ಕ ಚಿತ್ರವನ್ನು ಸೆಕ್ಷನ್ನಿನ ಪಕ್ಕದಲ್ಲೇ ಹಾಕುತ್ತೇನೆ. ಬೇರೆ ಶೀಟಿನಲ್ಲಿದ್ದರೆ ಹುಡುಕುವಷ್ಟರಲ್ಲಿ ಪ್ರಶ್ನೆ ಮುಂದೆ ಹೋಗಿರುತ್ತದೆ.

ಮಾತಿಗಿಂತ ಟಾರ್ಚು ಬೇಗ ಒಪ್ಪಿಸುತ್ತದೆ. ಮಾಡೆಲ್ಲಿನ ಕಿಟಕಿಗಿಂತ ಒಂದೂವರೆ ಮೀಟರ್ ಮೇಲೆ, 20 ಸೆಂ.ಮೀ. ಉತ್ತರಕ್ಕೆ ಹಿಡಿದರೆ ಜೂನಿನ ನಡುಹಗಲು ಸಿಗುತ್ತದೆ. ಹತ್ತಿರ ಹಿಡಿದರೆ ಬೆಳಕು ಹರಡಿ ನೆರಳಿನ ಉದ್ದ ಸುಳ್ಳಾಗುತ್ತದೆ. ಸನ್‌ಬೋರ್ಡಿನ ಸಂದುಗಳಲ್ಲಿ ಬೆಳಕು ಸೋರಿದರೂ ತೋರಿಸಿದ್ದು ಕೆಡುತ್ತದೆ, ಒಳಗಿನಿಂದ ಕಪ್ಪು ಟೇಪ್ ಹಚ್ಚಿರಬೇಕು.

ಎಲಿವೇಷನ್ ಕೊನೆಗೆ. ಫಿನ್ ಯಾಕೆ ಬಂತೆಂದು ತಿಳಿದ ಮೇಲೆ ಅದನ್ನು ವಿವರಿಸುವ ಕೆಲಸ ಅಷ್ಟೇನೂ ಉಳಿದಿರುವುದಿಲ್ಲ.