ಕೇಕಿನ ಬದಿ ಉಬ್ಬುವುದನ್ನು ನಾನು ಸರಿಪಡಿಸಿದ ಬಗೆ

ಧಾರವಾಡದ ನಮ್ಮ ಮನೆಯಲ್ಲಿ ಮೇ ತಿಂಗಳ ಸೆಕೆಯಲ್ಲಿ ಮಾಡಿದ 7 ಅಂಗುಲದ ಆಪೂಸ್ ಮಾವಿನ ಕೇಕಿನ ಬದಿಯನ್ನು ಎಷ್ಟು ನಯಗೊಳಿಸಿದರೂ, ಅರ್ಧ ಗಂಟೆಯೊಳಗೆ ಅದು ಪದರಗಳ ನಡುವೆ ಹೊಟ್ಟೆ ಬಂದಂತೆ ಉಬ್ಬುತ್ತಿತ್ತು; ಬಿಳಿ ಕ್ರೀಮಿನಲ್ಲಿ ಕೇಕಿನ ಪುಡಿಯೂ ಕಾಣುತ್ತಿತ್ತು. ದೋಷ ಹೊರಗಿನ ಕ್ರೀಮಿನದೆಂದು ಬಹಳ ದಿನ ತಿಳಿದಿದ್ದೆ. ವಾಸ್ತವದಲ್ಲಿ ಮೇಲಿನ ಪದರದ ಭಾರಕ್ಕೆ ಮಾವಿನ ತಿರುಳೇ ಹೊರಗೆ ಜಾರುತ್ತಿತ್ತು.

ಮುಂದಿನ ಸಲ ಕೇಕುಗಳನ್ನು ಪೂರ್ತಿ ಆರಿಸಿ, ಸುತ್ತಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಟ್ಟೆ. ತಣ್ಣಗಿನ ಕೇಕು ಕತ್ತರಿಸುವಾಗ ಕಡಿಮೆ ಉದುರುತ್ತದೆ. ಹಲ್ಲಿನ ಚಾಕುವಿನಿಂದ ಮೊದಲು ಸುತ್ತಲೂ ಗೆರೆ ಕೊರೆದು, ಅದೇ ಗೆರೆ ಹಿಡಿದು ಉಬ್ಬಿದ ನೆತ್ತಿಯನ್ನು ತೆಗೆದೆ. ನಂತರ ಅಂಚಿಗಿಂತ ತುಸು ಒಳಗೆ ಗಟ್ಟಿ ಬಟರ್‌ಕ್ರೀಮನ್ನು ಹೊಲದ ಬದುವಿನಂತೆ ಸುತ್ತಲೂ ಹಿಂಡಿ, ತಿರುಳನ್ನು ಆ ಬದುವಿಗಿಂತ ಕೆಳಮಟ್ಟದಲ್ಲಿಯೇ ನಿಲ್ಲಿಸಿದೆ. ಕೊನೆಯ ಪದರವನ್ನು ಬೋರಲು ಇಟ್ಟಿದ್ದರಿಂದ ಟಿನ್ನಿನ ತಳದ ಸಪಾಟು ಮುಖವೇ ಮೇಲೆ ಬಂದಿತು.

ಪುಡಿ ಹಿಡಿದಿಡುವ ಮೊದಲ ಲೇಪನವನ್ನು ಕೇಕು ಮಸುಕಾಗಿ ಕಾಣುವಷ್ಟು ತೆಳುವಾಗಿ ಬಳಿದೆ. ಅದಕ್ಕೆ ಬೇರೆ ಬಟ್ಟಲಿನ ಕ್ರೀಮನ್ನೇ ಬಳಸಬೇಕು, ಇಲ್ಲದಿದ್ದರೆ ಪುಡಿ ಅಂತಿಮ ಕ್ರೀಮಿಗೂ ಸೇರುತ್ತದೆ. ಫ್ರಿಜ್ಜಿನಲ್ಲಿ 30 ನಿಮಿಷ ಇಟ್ಟು, ಬೆರಳಿಗೆ ಅಂಟದಷ್ಟು ಗಟ್ಟಿಯಾದ ಮೇಲೆ ಅಂತಿಮ ಕ್ರೀಮು ಹಚ್ಚಿ, ಸ್ಕ್ರೇಪರನ್ನು ನೆಟ್ಟಗೆ ಹಿಡಿದು ಕೇಕನ್ನು ತಿರುಗಿಸಿದೆ. ಬದಿ ಗೋಡೆಯಂತೆ ನೇರವಾಗಿ ನಿಂತಿತು.