ಒಪ್ಪಂದ ಮುಗಿದ ಮರುದಿನವೇ ಮುಷ್ಕರ ಹೂಡದಿದ್ದುದರಿಂದ ನಾವು ಉಳಿದೆವು: ಪೀಣ್ಯದ ಒಂದು ಅನುಭವ

ವೇತನ ಒಪ್ಪಂದದ ಮೂರು ವರ್ಷ ಮುಗಿದ ತಕ್ಷಣ ಮುಷ್ಕರಕ್ಕೆ ದಾರಿ ತೆರೆಯಿತು ಎಂದು ನಮ್ಮ ಅನೇಕ ಸಂಘಗಳು ಇಂದಿಗೂ ನಂಬಿವೆ. ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಪಕ್ಕದ ಕಾರ್ಖಾನೆಯವರು ಹಾಗೆಯೇ ನಂಬಿ ಅವಧಿ ಮುಗಿದ ವಾರದಲ್ಲೇ ಕೆಲಸ ನಿಲ್ಲಿಸಿದರು. ಒಂದು ದಿನದ ಮುಷ್ಕರಕ್ಕೆ ಎಂಟು ದಿನದ ಸಂಬಳ ಕಡಿತವಾಯಿತು, ನಾಲ್ಕೈದು ಪದಾಧಿಕಾರಿಗಳ ಮೇಲೆ ಇಲಾಖಾ ವಿಚಾರಣೆ ನಡೆಯಿತು. ಅದನ್ನು ಕಣ್ಣಾರೆ ಕಂಡಿದ್ದರೂ ನಮ್ಮ ಹಿರಿಯ ಫಿಟ್ಟರೊಬ್ಬರು, ನಾನು ಕ್ಯಾಲೆಂಡರ್ ಹಿಡಿದು ನೋಟಿಸಿನ ಮಾತೆತ್ತಿದಾಗ, "ನೋಟಿಸ್ ಕೊಟ್ಟು ಕಾಯುತ್ತಾ ಕೂತರೆ ಅವರು ಸ್ಟಾಕ್ ಮಾಡಿಕೊಳ್ತಾರೆ ಕಣಪ್ಪಾ, ಆಮೇಲೆ ನಮ್ಮನ್ನ ಯಾರು ಕೇಳ್ತಾರೆ?" ಎಂದರು. ಸಭೆಯಲ್ಲಿ ಹೆಚ್ಚಿನವರ ಅಭಿಪ್ರಾಯವೂ ಅದೇ ಆಗಿತ್ತು.

ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಯ 19(2)ನೇ ಕಲಮಿನ ಪ್ರಕಾರ ಅವಧಿ ಮುಗಿದ ಮೇಲೂ ಒಪ್ಪಂದ ಬಂಧಿಸುತ್ತಲೇ ಇರುತ್ತಿತ್ತು. ಅದನ್ನು ಕೊನೆಗೊಳಿಸುವುದಾಗಿ ಲಿಖಿತ ನೋಟಿಸ್ ಕೊಟ್ಟು ಎರಡು ತಿಂಗಳು ಕಳೆದ ಮೇಲಷ್ಟೇ ಬಿಡುಗಡೆ. ಒಪ್ಪಂದ ಜಾರಿಯಲ್ಲಿರುವಾಗ ಅದರಲ್ಲಿ ಸೇರಿದ ವಿಷಯಕ್ಕಾಗಿ ಹೂಡಿದ ಮುಷ್ಕರ 23(ಸಿ) ಪ್ರಕಾರ ಅಕ್ರಮವಾಗಿತ್ತು. ಪಕ್ಕದವರು ಎಡವಿದ್ದು ಇಲ್ಲಿಯೇ. ಇದಕ್ಕಿಂತಲೂ ಹೆಚ್ಚು ಮರೆತುಹೋಗುತ್ತಿದ್ದುದು 19(7): ಆ ನೋಟಿಸನ್ನು ಒಪ್ಪಂದಕ್ಕೆ ಬದ್ಧರಾದವರಲ್ಲಿ ಬಹುಮತವನ್ನು ಪ್ರತಿನಿಧಿಸುವವರು ಕೊಡದಿದ್ದರೆ ಅದಕ್ಕೆ ಬೆಲೆಯಿರಲಿಲ್ಲ. ನಮ್ಮ 240 ಜನರಲ್ಲಿ ಸುಮಾರು 190 ಜನರ ಸಹಿಯನ್ನು ಟೋಕನ್ ಸಂಖ್ಯೆಯೊಡನೆ ಹಾಳೆ ಹಾಳೆಯಾಗಿ ಪಡೆದು, ಏಪ್ರಿಲ್ ಮೊದಲ ವಾರದಲ್ಲಿ ನೋಟಿಸಿನ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ಎರಡು ತಿಂಗಳನ್ನು ನಾನು ಎಣಿಸಿದ್ದು ಸ್ವೀಕೃತಿ ಕಾರ್ಡಿನ ಮೇಲಿನ ಮೊಹರಿನ ದಿನಾಂಕದಿಂದ.

ಆ ಎರಡು ತಿಂಗಳಲ್ಲಿ ಯುವಕರು ಓವರ್‌ಟೈಮ್ ಬಹಿಷ್ಕರಿಸೋಣ ಎಂದರು. ಒಮ್ಮತದಿಂದ ಕೆಲಸ ನಿರಾಕರಿಸುವುದೂ ಮುಷ್ಕರದ ವ್ಯಾಖ್ಯೆಗೆ ಸೇರಬಹುದಾದ್ದರಿಂದ ನಾನು ತಡೆದು, ಒಂದು ವಾರ ಕ್ಯಾಂಟೀನ್ ಊಟವನ್ನು ಬಿಡಿಸಿದೆ. ಯಂತ್ರ ಒಂದು ನಿಮಿಷವೂ ನಿಲ್ಲಲಿಲ್ಲ, ಆದರೆ ಎಷ್ಟು ಜನ ನಮ್ಮೊಡನಿದ್ದಾರೆಂಬುದು ಆಡಳಿತಕ್ಕೂ ನಮಗೂ ತಿಳಿಯಿತು.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಸಂಧಾನ ನಡೆಯುತ್ತಿದ್ದಾಗ ಕಂಪನಿಯ ವಕೀಲರು, ಸಂಧಾನ ಬಾಕಿಯಿರುವಾಗ ಮುಷ್ಕರ ನಿಷಿದ್ಧ ಎಂದರು. ಆ ನಿಷೇಧ 22ನೇ ಕಲಮಿನದು, ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಸೀಮಿತವಾಗಿತ್ತು. ನಮ್ಮಂಥ ಬಿಡಿಭಾಗದ ಕಾರ್ಖಾನೆಗೆ ಅನ್ವಯಿಸುತ್ತಿದ್ದ 23ನೇ ಕಲಮು ಸಂಧಾನ ಮಂಡಳಿಯ ಮುಂದಿನ ನಡಾವಳಿಯನ್ನು ಹೇಳುತ್ತಿತ್ತೇ ಹೊರತು ಸಂಧಾನಾಧಿಕಾರಿಯ ಮುಂದಿನದ್ದನ್ನಲ್ಲ. ನಿಜವಾದ ಅಪಾಯವಿದ್ದುದು ಬೇರೆಡೆ: ಸರ್ಕಾರ ವಿವಾದವನ್ನು ನ್ಯಾಯಾಧಿಕರಣಕ್ಕೆ ಒಪ್ಪಿಸಿಬಿಟ್ಟರೆ ಅಂದಿನಿಂದ ಮುಷ್ಕರ ಆರಂಭಿಸುವಂತಿರಲಿಲ್ಲ. ಮೊದಲೇ ಕಾನೂನುಬದ್ಧವಾಗಿ ಆರಂಭವಾಗಿದ್ದರೆ, 10(3)ರಡಿ ಸರ್ಕಾರ ನಿಷೇಧ ಹೊರಡಿಸದ ಹೊರತು ಅದನ್ನು ಮುಂದುವರಿಸಬಹುದಿತ್ತು. ಆದ್ದರಿಂದ ನಮಗೆ ಸಿಕ್ಕಿದ್ದ ಅವಕಾಶ, ಜೂನ್ ಆರಂಭದಲ್ಲಿ ಎರಡು ತಿಂಗಳು ತುಂಬುವುದಕ್ಕೂ ಸರ್ಕಾರದ ಆದೇಶ ಬರುವುದಕ್ಕೂ ನಡುವಿನ ಕೆಲವೇ ದಿನಗಳು. ನಮ್ಮ ಸ್ಥಾಯಿ ಆದೇಶ ಕೇಳುತ್ತಿದ್ದ 14 ದಿನಗಳ ನೋಟಿಸನ್ನು ಮೇ ಕೊನೆಯಲ್ಲೇ ಕೊಟ್ಟು, ಜೂನ್ ಮಧ್ಯದ ದಿನಾಂಕ ಹಾಕಿದೆವು. ಆಗಿನ ವೇತನ ಪಾವತಿ ಕಾಯ್ದೆಯ ಎಂಟು ದಿನದ ಕಡಿತ ಅನ್ವಯಿಸುತ್ತಿದ್ದುದು ಹತ್ತು ಅಥವಾ ಹೆಚ್ಚು ಜನ ಕೂಡಿ, ಕರಾರಿನಂತೆ ಕೊಡಬೇಕಾದ ನೋಟಿಸಿಲ್ಲದೆ, ಸಕಾರಣವಿಲ್ಲದೆ ಗೈರಾದಾಗ. ನೋಟಿಸ್ ಕೊಟ್ಟ ನಮ್ಮ ಮೇಲೆ ಅದನ್ನು ಹೂಡಲು ಅವರಿಗೆ ಆಧಾರ ಉಳಿಯಲಿಲ್ಲ. ಸ್ಟಾಕಿನ ಲೆಕ್ಕವನ್ನು ಡಿಸ್ಪ್ಯಾಚ್ ವಿಭಾಗದ ಗೆಳೆಯರು ಮೊದಲೇ ಹಾಕಿದ್ದರು: ಗೋದಾಮಿನಲ್ಲಿ ಐದಾರು ದಿನಕ್ಕಿಂತ ಹೆಚ್ಚಿನ ಸರಕಿಗೆ ಜಾಗವೇ ಇರಲಿಲ್ಲ. ದಿನಾಂಕ ಆರಿಸುವಾಗ ನೋಡಿದ ಇನ್ನೊಂದು ಸಂಗತಿಯಿದೆ. ಮುಂದಿನ ಚೌಕಾಸಿಗೆ ಅದು ಬೇಕಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಮುಷ್ಕರ ಒಂಬತ್ತು ದಿನ ನಡೆಯಿತು. ತಿಂಗಳಿಗೆ 300 ರೂಪಾಯಿಯಂತೆ ಒಂದು ವರ್ಷ ಕೂಡಿಸಿದ್ದ ನಿಧಿ ಏಳು ಲಕ್ಷದಷ್ಟಿತ್ತು, ಬಾಡಿಗೆ ಮನೆಯವರಿಗೆ ಹಂಚಿದ್ದರಲ್ಲಿ ನಾಲ್ಕು ಲಕ್ಷ ಕರಗಿತು. ನಾವು ಕೇಳಿದ್ದು ತಿಂಗಳಿಗೆ 9,000 ಹೆಚ್ಚಳ, ಅವರು ಹಿಡಿದು ಕೂತದ್ದು 3,500ಕ್ಕೆ, ಇತ್ಯರ್ಥವಾದದ್ದು 6,200ರ ಆಸುಪಾಸಿನಲ್ಲಿ. ಮುಷ್ಕರದ ದಿನಗಳ ಸಂಬಳ ಬೇಕಾದರೆ ಅದು ಕಾನೂನುಬದ್ಧವೂ ಸಮರ್ಥನೀಯವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ 1994ರ ಉಮೇಶ್ ನಾಯಕ್ ಪ್ರಕರಣದಲ್ಲಿ ಹೇಳಿದೆ. ನಮ್ಮದು ಮೊದಲನೆಯದನ್ನು ದಾಟಿತ್ತು, ಎರಡನೆಯದಕ್ಕೆ ವರ್ಷಗಟ್ಟಲೆ ಅಲೆಯಬೇಕಾಗಿತ್ತು. ಹಾಗಾಗಿ ಮುಷ್ಕರದ ದಿನಗಳಲ್ಲಿ ಅರ್ಧದಷ್ಟನ್ನು ಗಳಿಕೆ ರಜೆಗೆ ಹೊಂದಿಸಿಕೊಂಡೆವು. ಸಹಿಯನ್ನು ಮಾತ್ರ ಸಂಧಾನಾಧಿಕಾರಿಯ ಮುಂದೆಯೇ, 12(3)ರಡಿ ಹಾಕಿಸಿದೆ. ಹಾಗಾದರೆ ಮಾತ್ರ ಸಂಘದ ಹೊರಗಿನವರಿಗೂ ಅದು ಅನ್ವಯಿಸುತ್ತಿತ್ತು. ಒಬ್ಬರ ಮೇಲೂ ವಿಚಾರಣೆ ನಡೆಯಲಿಲ್ಲ, ಆ ಕೈಗಾರಿಕಾ ಪ್ರದೇಶದಲ್ಲಿ ನಾನು ಕಂಡಂತೆ ಇದು ಮೊದಲು.

ಇದನ್ನು ಹೀಗೆಯೇ ಈಗ ಅನುಸರಿಸಲಾಗದು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆ ಎಲ್ಲ ಕಾರ್ಖಾನೆಗಳಿಗೂ 14 ದಿನಗಳ ನೋಟಿಸನ್ನು ಕಡ್ಡಾಯ ಮಾಡಿದೆ, ಸಂಧಾನಾಧಿಕಾರಿಯ ಮುಂದೆ ನಡಾವಳಿ ಇರುವಾಗಲೂ ಅದು ಮುಗಿದ ಏಳು ದಿನವೂ ಮುಷ್ಕರ ಕೂಡದು ಎಂದಿದೆ. ಸಂಧಾನ ವಿಫಲವಾದರೆ ಮಾಲೀಕರೇ ನೇರವಾಗಿ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಆ ಏಳು ದಿನಗಳೊಳಗೆ ಅರ್ಜಿ ಬಿದ್ದರೆ ಬಾಗಿಲು ಮತ್ತೆ ಮುಚ್ಚುತ್ತದೆ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಹೀಗಾಗಿ ಮುಂದಿನ ಒಪ್ಪಂದದ ಮಾತುಕತೆಗೆ ನಾವು ಅವಧಿ ಮುಗಿಯುವ ಆರು ತಿಂಗಳ ಮೊದಲೇ ಬೇಡಿಕೆ ಪಟ್ಟಿ ಸಲ್ಲಿಸಲಿದ್ದೇವೆ, ಸಹಿ ಹಾಳೆಗಳನ್ನು ಈಗಲೇ ಅಚ್ಚು ಹಾಕಿಸಿಟ್ಟಿದ್ದೇವೆ.